ಅರ್ಹತೆ ಮುಟ್ಟದೆ ಮಾತು ತಿದ್ದುವುದು: ಗಂಗಾವತಿ ಕಡೆಯ ಅಕ್ಕಿ ಗಿರಣಿಯ ಒಂದು ಜಾಹೀರಾತು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಸುಗ್ಗಿ ಹತ್ತಿರ ಬಂದಂತೆ ಅಕ್ಕಿ ಗಿರಣಿಯವರು ಕೆಲಸಕ್ಕೆ ಜನ ಬೇಕೆಂದು ಜಾಹೀರಾತು ಹಾಕುತ್ತಾರೆ. ಹೊಸದಾಗಿ ಬರೆಸುವವರು ಕಡಿಮೆ. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಯಾವತ್ತಿನದೋ ಒಂದು ಇರುತ್ತದೆ. ಅದನ್ನೇ ತೆಗೆದು ಫೋನ್ ನಂಬರು, ತಾರೀಖು ಬದಲಿಸಿ ಪತ್ರಿಕೆಗೂ ವಾಟ್ಸಾಪಿಗೂ ಕಳಿಸುತ್ತಾರೆ. ಹೀಗೆ ವರ್ಷಗಟ್ಟಲೆ ನಕಲಾಗುತ್ತ ಬಂದ ಒಂದು ಜಾಹೀರಾತನ್ನು ತಿದ್ದಿದ ಬಗೆಯನ್ನು ಇಲ್ಲಿ ಪೂರ್ತಿ ಬಿಡಿಸಿ ಇಡುತ್ತೇವೆ. ಗಿರಣಿಯವರು ಕೇಳಿದ್ದು ಸರಳವಾಗಿತ್ತು: ಹೆಣ್ಣು ಗಂಡು ಎಂದು ಬೇರ್ಪಡಿಸುವ ಮಾತು, ಹಳತಾದ ಮಾತು ಹೋಗಬೇಕು, ಕೆಲಸಕ್ಕೆ ಬೇಕಾದ ಅರ್ಹತೆ ಮಾತ್ರ ಇದ್ದ ಹಾಗೇ ಇರಬೇಕು.

ಮೂಲ ಹೀಗಿತ್ತು.

"ಬೇಕಾಗಿದ್ದಾರೆ. ಪ್ರತಿಷ್ಠಿತ ಅಕ್ಕಿ ಗಿರಣಿಗೆ ಅರ್ಜಿ ಆಹ್ವಾನಿಸಲಾಗಿದೆ.
1) ಗುಮಾಸ್ತ – 1. ಬಿ.ಕಾಂ. ಪದವೀಧರನಾಗಿರತಕ್ಕದ್ದು. ಟ್ಯಾಲಿ ಬಲ್ಲವನಾಗಿರಬೇಕು. 3 ವರ್ಷದ ಅನುಭವಸ್ಥನಿಗೆ ಆದ್ಯತೆ.
2) ಗೋದಾಮು ಮೇಲ್ವಿಚಾರಕ – 1. ಪಿಯುಸಿ ಪಾಸಾದ ಗಟ್ಟಿಮುಟ್ಟಾದ ಯುವಕರು. ರಾತ್ರಿ ಪಾಳಿಯೂ ಇರುತ್ತದೆ. ಸ್ವಂತ ಬೈಕ್ ಉಳ್ಳವನಾಗಿರಬೇಕು.
3) ಟೆಲಿಫೋನ್ ಗರ್ಲ್ – 1. 18ರಿಂದ 25 ವರ್ಷದೊಳಗಿನ ಅವಿವಾಹಿತ, ಸುಂದರ ಯುವತಿಯರು. ಕನ್ನಡ, ಹಿಂದಿ, ತೆಲುಗು ಮಾತನಾಡಬಲ್ಲವಳಾಗಿರಬೇಕು.
4) ವಾಚ್‌ಮನ್ – 2. ಓದು ಬರಹ ಬಲ್ಲವನು. ಮಾಜಿ ಸೈನಿಕರಿಗೆ ಆದ್ಯತೆ.
ಹೈ.ಕ. ಪ್ರಮಾಣಪತ್ರ ಉಳ್ಳವರಿಗೆ ಆದ್ಯತೆ. ಅರ್ಜಿದಾರನು ತನ್ನ ಹೆಸರು, ತಂದೆ/ಗಂಡನ ಹೆಸರು, ವಿಳಾಸದ ಬಯೋಡೇಟಾದೊಂದಿಗೆ ಖುದ್ದು ಹಾಜರಾಗತಕ್ಕದ್ದು."

ಇಂಥದ್ದು ಕೈಗೆ ಬಂದ ತಕ್ಷಣ ಪೆನ್ನು ಹಿಡಿದು "ವಾಚ್‌ಮನ್" ಮೇಲೆ ಗೀಟು ಹಾಕುವುದೇ ಮೊದಲ ತಪ್ಪು. ಮಾತು ತಿದ್ದುತ್ತ ಹೋದರೆ ಅರ್ಹತೆ ಎಲ್ಲಿ ಸಡಿಲವಾಯಿತು, ಎಲ್ಲಿ ಬಿಗಿಯಾಯಿತು ಎಂದು ಆಮೇಲೆ ಹೇಳಲು ಬರುವುದಿಲ್ಲ. ಹಾಗಾಗಿ ಮೂಲವನ್ನು ಮುಟ್ಟದೆ ಪಕ್ಕಕ್ಕಿಟ್ಟು, ಮೊದಲು ಅದರಿಂದ ಒಂದು ಪಟ್ಟಿ ತೆಗೆಯಬೇಕು. ನಾಲ್ಕು ಕಾಲಮ್ ಸಾಕು: ಹುದ್ದೆ, ಅರ್ಹತೆ, ಅದು ಕಡ್ಡಾಯವೋ ಆದ್ಯತೆಯೋ, ಯಾಕೆ ಬೇಕು. ಕೊನೆಯ ಕಾಲಮ್ ಸದ್ಯಕ್ಕೆ ಖಾಲಿ ಇರಲಿ. ಪಟ್ಟಿಗೆ ಒಂದೇ ಕಟ್ಟುಪಾಡು. ಅರ್ಹತೆಯ ಕಾಲಮಿನಲ್ಲಿ ಮನುಷ್ಯರನ್ನು ಹೆಸರಿಸುವ ಮಾತು ಬರಕೂಡದು. "ಪದವೀಧರ" ಎಂದು ಬರೆಯುವ ಹಾಗಿಲ್ಲ, "ಬಿ.ಕಾಂ. ಪದವಿ" ಎಂದು ಬರೆಯಬೇಕು. "ಅನುಭವಸ್ಥ" ಅಲ್ಲ, "3 ವರ್ಷದ ಅನುಭವ".

ಈ ಕಟ್ಟುಪಾಡು ಇಟ್ಟುಕೊಂಡರೆ ಕೆಲಸ ತಾನಾಗಿ ಎರಡು ಭಾಗವಾಗುತ್ತದೆ. ಕೆಲವು ಸಲೀಸಾಗಿ ಪಟ್ಟಿಗೆ ಇಳಿಯುತ್ತವೆ: ಬಿ.ಕಾಂ., ಟ್ಯಾಲಿ, ಪಿಯುಸಿ, ಮೂರು ಭಾಷೆ, ಓದು ಬರಹ. ಇಲ್ಲಿ ಲಿಂಗಭೇದ ಇದ್ದದ್ದು ವ್ಯಾಕರಣದಲ್ಲಿ ಮಾತ್ರ. ಕೆಲವು ಇಳಿಯದೆ ಸಿಕ್ಕಿಹಾಕಿಕೊಳ್ಳುತ್ತವೆ. "ಯುವಕರು" ಎನ್ನುವುದನ್ನು ಮನುಷ್ಯರನ್ನು ಹೆಸರಿಸದೆ ಬರೆಯಿರಿ ಎಂದರೆ ಏನು ಬರೆಯುತ್ತೀರಿ? ವಯಸ್ಸೇ, ಗಂಡಸುತನವೇ, ಮೈಕಟ್ಟೇ? ಅಂಥ ಕಡೆ ಊಹಿಸಿ ಬರೆಯದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಬೇಕು. ಈ ಜಾಹೀರಾತಿನಲ್ಲಿ ಹಾಗೆ ಚಿಹ್ನೆ ಬಿದ್ದದ್ದು "ಗಟ್ಟಿಮುಟ್ಟಾದ", "ಯುವಕರು", "ಅವಿವಾಹಿತ", "ಸುಂದರ", "ಯುವತಿಯರು", "ಹೈ.ಕ. ಪ್ರಮಾಣಪತ್ರ", "ತಂದೆ/ಗಂಡನ ಹೆಸರು" ಇವುಗಳ ಮುಂದೆ. ಇವು ತಿದ್ದುವವರ ತೀರ್ಮಾನಕ್ಕೆ ಬಿಟ್ಟವಲ್ಲ. ಗಿರಣಿಯವರನ್ನೇ ಕೇಳಬೇಕು.

ಮೊದಲು ಸಲೀಸಾದ ಭಾಗ. ಕನ್ನಡದಲ್ಲಿ "ಅಭ್ಯರ್ಥಿ" ಎಂದರೆ ಹೆಣ್ಣೂ ಹೌದು, ಗಂಡೂ ಹೌದು. ಆದರೆ ವಾಕ್ಯ ಮುಗಿಯುವಷ್ಟರಲ್ಲಿ "ಪದವೀಧರನಾಗಿರಬೇಕು", "ಬಲ್ಲವನಾಗಿರಬೇಕು" ಎಂದು ಗುಟ್ಟು ರಟ್ಟಾಗುತ್ತದೆ. ಲಿಂಗ ಕುಳಿತಿರುವುದು ಈ "ನಾಗಿರ", "ವನಾಗಿರ", "ವಳಾಗಿರ" ಎಂಬ ಜಾಗದಲ್ಲಿ. ಆಳನ್ನು ವರ್ಣಿಸುವುದು ಬಿಟ್ಟು ಆಳಿಗೆ ಇರಬೇಕಾದ್ದನ್ನು ಹೇಳಿದರೆ ಸಾಕು, ಅದು ಬಿದ್ದುಹೋಗುತ್ತದೆ. "ಬಿ.ಕಾಂ. ಪದವಿ ಪಡೆದಿರಬೇಕು." "ಟ್ಯಾಲಿ ಗೊತ್ತಿರಬೇಕು." "ಮೂರೂ ಭಾಷೆ ಮಾತಾಡಲು ಬರಬೇಕು." "ಬೇಕು" ಎಂಬ ಕ್ರಿಯೆಗೆ ಲಿಂಗವಿಲ್ಲ, ವಾಕ್ಯ ಉದ್ದವೂ ಆಗುವುದಿಲ್ಲ. ಪತ್ರಿಕೆಯವರು ಪದಕ್ಕೋ ಸಾಲಿಗೋ ದುಡ್ಡು ಹಿಡಿಯುವಾಗ ಇದು ಸಣ್ಣ ಮಾತಲ್ಲ. "ಬಲ್ಲವನು/ಬಲ್ಲವಳು" ಎಂದು ಓರೆಗೆರೆ ಹಾಕುತ್ತ ಹೋದವರ ಜಾಹೀರಾತು ಒಂದೂವರೆ ಪಟ್ಟು ಬೆಳೆಯುತ್ತದೆ, ಓದುವವರಿಗೂ ತೊಡಕು.

ಎಡವುವುದು ಇದಾದ ಮೇಲೆ. "ಟ್ಯಾಲಿ ಬಲ್ಲವನಾಗಿರಬೇಕು" ಎನ್ನುವುದನ್ನು ಚೆಂದ ಮಾಡಲು ಹೋಗಿ "ಟ್ಯಾಲಿ ಕೋರ್ಸ್ ಮುಗಿಸಿರಬೇಕು" ಎಂದು ಬರೆದರೆ ಸರ್ಟಿಫಿಕೇಟ್ ಕೇಳಿದಂತಾಯಿತು. "ಟ್ಯಾಲಿಯಲ್ಲಿ ಕೆಲಸ ಮಾಡಿರಬೇಕು" ಎಂದರೆ ಅನುಭವ ಕಡ್ಡಾಯವಾಯಿತು; ಮೂಲದಲ್ಲಿ ಅನುಭವಕ್ಕೆ ಬರೀ ಆದ್ಯತೆ ಇತ್ತು. ಭಾಷೆಯ ಸಾಲಿನಲ್ಲಿ "ನಿರರ್ಗಳವಾಗಿ" ಸೇರಿಸುವ ಚಟ ಬಹಳ ಜನಕ್ಕಿದೆ. ಮೂಲ ಕೇಳಿದ್ದು ಮಾತಾಡಲು ಬಂದರೆ ಸಾಕು ಎಂದು. ಸಿಂಧನೂರು, ಗಂಗಾವತಿ ಕ್ಯಾಂಪುಗಳ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಲಸಕ್ಕೆ ಸಾಲುವಷ್ಟು ಹಿಂದಿ ಆಡುವವರು ಬೇಕಾದಷ್ಟಿದ್ದಾರೆ. "ನಿರರ್ಗಳ" ಓದಿದರೆ ಅವರಲ್ಲಿ ಅರ್ಧ ಜನ ಅರ್ಜಿ ಹಾಕುವ ಯೋಚನೆಯನ್ನೇ ಬಿಡುತ್ತಾರೆ.

"ತಕ್ಕದ್ದು" ಎನ್ನುವುದು ಹಳೆಯ ಸರ್ಕಾರಿ ಧಾಟಿ. ಅದನ್ನು "ಬೇಕು" ಮಾಡಿದರೆ ತೂಕ ಅಷ್ಟೇ ಉಳಿಯುತ್ತದೆ. ಕೆಲವರು ಮಾತು ಮೃದುವಾಗಲಿ ಎಂದು "ಪದವಿ ಇದ್ದರೆ ಒಳ್ಳೆಯದು" ಎಂದು ಬರೆಯುತ್ತಾರೆ. ಆಗ ಕಡ್ಡಾಯವಾದದ್ದು ಆದ್ಯತೆಗೆ ಇಳಿಯಿತು. ಪಿಯುಸಿ ಓದಿದವರೂ ಬರುತ್ತಾರೆ, ಬಾಗಿಲಲ್ಲೇ ವಾಪಸಾಗುತ್ತಾರೆ. ಪಟ್ಟಿಯ ಮೂರನೇ ಕಾಲಮ್ ಇರುವುದು ಇದನ್ನು ತಡೆಯಲಿಕ್ಕೆ.

ಹುದ್ದೆಯ ಹೆಸರಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಹಳೆಯ ಮಾತೆಲ್ಲ ಹಳತಾದ ಮಾತಲ್ಲ. "ಗುಮಾಸ್ತ" ಎಂಬುದನ್ನು "ಅಕೌಂಟೆಂಟ್" ಮಾಡಿ ಎಂದು ಡಿಟಿಪಿ ಹುಡುಗರು ಹೇಳುತ್ತಾರೆ. ಗಂಜ್‌ನ ದಲಾಲಿ ಅಂಗಡಿಯಲ್ಲಿ, ಗಿರಣಿಯಲ್ಲಿ ಗುಮಾಸ್ತರು ಎಂದರೆ ಬಿಲ್ಲು ಹಾಕುವವರು, ಕಾಟಾ ಚೀಟಿ ನೋಡಿ ಲೆಕ್ಕ ಏರಿಸುವವರು ಎಂದು ಎಲ್ಲರಿಗೂ ಗೊತ್ತು. ಅಕೌಂಟೆಂಟ್ ಎಂದರೆ ಜಿಎಸ್‌ಟಿ ರಿಟರ್ನ್ ತುಂಬುವ, ವರ್ಷದ ಲೆಕ್ಕ ಮುಗಿಸುವ ಮಂದಿ ಬರುತ್ತಾರೆ, ಸಂಬಳವನ್ನೂ ಆ ಮಟ್ಟಕ್ಕೇ ಕೇಳುತ್ತಾರೆ. ಹೆಸರು ಬದಲಿಸಿದ್ದರಿಂದಲೇ ಹುದ್ದೆ ಮೇಲಕ್ಕೇರಿದಂತಾಯಿತು. ಹಾಗಾಗಿ ಗುಮಾಸ್ತ ಉಳಿಯಿತು, ಏಕವಚನ ಹೋಯಿತು. "ಗುಮಾಸ್ತರು – 1" ಎಂದರೆ ಕಿವಿಗೆ ಒಂಥರಾ, ಒಬ್ಬರೋ ಇಬ್ಬರೋ ಎಂಬ ಅನುಮಾನವೂ ಬರುತ್ತದೆ. "ಗುಮಾಸ್ತರ ಕೆಲಸ, 1 ಹುದ್ದೆ" ಎಂದು ಬರೆದರೆ ಎರಡೂ ತೀರಿತು.

"ವಾಚ್‌ಮನ್" ಉಳಿಸುವಂತಿರಲಿಲ್ಲ. "ಸೆಕ್ಯುರಿಟಿ ಗಾರ್ಡ್" ಎಂದರೆ ಯೂನಿಫಾರ್ಮ್, ತರಬೇತಿ, ಏಜೆನ್ಸಿ ಎಲ್ಲ ನೆನಪಿಗೆ ಬರುತ್ತವೆ. ಗಿರಣಿ ಅವು ಯಾವುದನ್ನೂ ಕೇಳಿಲ್ಲ. "ಕಾವಲುಗಾರ" ಎಂದರೆ ಮತ್ತೆ ಗಂಡು. ಮಾಡುವ ಕೆಲಸವನ್ನೇ ಹೆಸರಾಗಿ ಇಟ್ಟೆವು: "ಗೇಟ್ ಕಾವಲು, 2 ಹುದ್ದೆ". ಇದೇ ದಾರಿಯಲ್ಲಿ "ಮೇಲ್ವಿಚಾರಕ" ಹೋಗಿ "ಗೋದಾಮಿನ ಉಸ್ತುವಾರಿ" ಬಂತು, "ಟೆಲಿಫೋನ್ ಗರ್ಲ್" ಹೋಗಿ "ಫೋನ್ ಮತ್ತು ಸ್ವಾಗತದ ಕೆಲಸ" ಬಂತು. ಸ್ವಾಗತ ಎಂಬುದನ್ನು ಸೇರಿಸಿದ್ದು ಕೇಳಿದ ಮೇಲೆ. ಬಂದವರನ್ನು ಕೂರಿಸಿ ಒಳಗೆ ತಿಳಿಸುವುದೂ ಅದೇ ಮೇಜಿನ ಕೆಲಸವಾಗಿತ್ತು.

ಇನ್ನು ಪ್ರಶ್ನಾರ್ಥಕ ಚಿಹ್ನೆಗಳು. ಇಲ್ಲಿ ಕೇಳುವ ರೀತಿ ಮುಖ್ಯ. "ಹೆಂಗಸರು ಬೇಡವೇ?" ಎಂದು ಕೇಳಿದರೆ ಎದುರಿನವರು ಸಮರ್ಥನೆಗೆ ನಿಲ್ಲುತ್ತಾರೆ, ಅಥವಾ ಮುಜುಗರಕ್ಕೆ "ಬೇಕು ಬೇಕು" ಎಂದುಬಿಡುತ್ತಾರೆ. ಎರಡರಿಂದಲೂ ಅರ್ಹತೆ ಏನೆಂದು ತಿಳಿಯುವುದಿಲ್ಲ. ಆ ಕೆಲಸದವರು ಬೆಳಗ್ಗೆಯಿಂದ ಏನೇನು ಮಾಡುತ್ತಾರೆ ಎಂದು ಕೇಳಬೇಕು. ಗೋದಾಮಿನ ಹುದ್ದೆಯ ಬಗ್ಗೆ ಗಿರಣಿಯ ಮ್ಯಾನೇಜರ್ ಜೊತೆ ನಡೆದ ಮಾತು ಹೆಚ್ಚುಕಡಿಮೆ ಹೀಗಿತ್ತು.

"ಗಟ್ಟಿಮುಟ್ಟ ಅಂತ ಹಾಕೀರಲ್ಲ ಸರ್, ಚೀಲ ಎತ್ತಬೇಕೇನ್ರೀ?"

"ಏ, ಚೀಲ ಹಮಾಲರು ಎತ್ತತಾರ್ರೀ. ಇವರದು ಎಣಿಕಿ. ಏಣಿ ಹಾಕ್ಕೊಂಡು ಮ್ಯಾಲೆ ಹತ್ತಿ ಸಾಲು ಎಣಿಸಬೇಕು. ದಿನಾ ಅಡ್ಡಾಡೋದು ಭಾಳ."

"ಮತ್ತ ಯುವಕರು ಅಂತ ಯಾಕ್ರೀ?"

"ಸುಗ್ಗಿಯಾಗ ರಾತ್ರಿ ಲಾರಿ ಬರ್ತಾವಲ್ರೀ. ಹೆಣ್ಮಕ್ಕಳನ್ನ ರಾತ್ರಿ ಇಟ್ಕೊಳ್ಳಾಕ ಕಾಯ್ದೆ ಒಪ್ಪಂಗಿಲ್ಲ ಅಂತಾರ."

ಎರಡು ಉತ್ತರದಲ್ಲಿ ಎರಡು ಬೇರೆ ಸಂಗತಿಗಳಿವೆ. "ಗಟ್ಟಿಮುಟ್ಟು" ಎಂಬುದರ ಹಿಂದೆ ನಿಜವಾದ ಅರ್ಹತೆ ಇದೆ: ಏಣಿ ಹತ್ತುವುದು, ಪಾಳಿಯ ಹೆಚ್ಚು ಹೊತ್ತು ನಿಂತು ಓಡಾಡುವುದು. ಅದನ್ನು ಹಾಗೇ ಬರೆಯಬೇಕು. ಕೇಳದೆ ತಿದ್ದುವವರು ಇಲ್ಲಿ "50 ಕೆ.ಜಿ. ಎತ್ತುವ ಸಾಮರ್ಥ್ಯ ಇರಬೇಕು" ಎಂದು ಬರೆಯುವುದನ್ನು ಕಂಡಿದ್ದೇವೆ. ನೋಡಲು ಅದರಲ್ಲಿ ಲಿಂಗವಿಲ್ಲ, ನಿಖರವಾಗಿಯೂ ಕಾಣುತ್ತದೆ. ಆದರೆ ಗಿರಣಿ ಕೇಳದೇ ಇದ್ದ ಭಾರ ಅದು. ಬಹಳಷ್ಟು ಹೆಂಗಸರನ್ನೂ, ವಯಸ್ಸಾದ ಗಂಡಸರನ್ನೂ ಹೊರಗಿಡುತ್ತದೆ. ಭಾರ ಎತ್ತುವ ಹುದ್ದೆಯಾದರೆ ಎಷ್ಟು ಕೆ.ಜಿ., ದಿನಕ್ಕೆ ಸುಮಾರು ಎಷ್ಟು ಸಲ ಎಂದು ಕೇಳಿ ಬರೆಯಬೇಕು. ಈ ಭಾಗದಲ್ಲಿ ಭತ್ತದ ದರ ಮಾತಾಡುವುದೇ 75 ಕೆ.ಜಿ. ಚೀಲಕ್ಕೆ, ಅಂಗಡಿಗೆ ಹೋಗುವ ಅಕ್ಕಿ ಚೀಲ 25 ಕೆ.ಜಿ. ಆಸುಪಾಸಿನದು. ಬರೀ "ಚೀಲ" ಎಂದರೆ ಯಾವ ಚೀಲ ಎಂದು ಓದುವವರಿಗೆ ತಿಳಿಯುವುದಿಲ್ಲ.

ಎರಡನೆಯ ಉತ್ತರದ ಹಿಂದೆ ಇರುವುದು ಕಾಯ್ದೆಯ ಬಗ್ಗೆ ಹಳೆಯ ತಿಳಿವಳಿಕೆ. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮಿನಲ್ಲಿ ಮಹಿಳೆಯರಿಗೆ ಬೆಳಗ್ಗೆ 6ರಿಂದ ಸಂಜೆ 7ರ ಒಳಗೆ ಮಾತ್ರ ಕೆಲಸ ಎಂದಿತ್ತು. ಮ್ಯಾನೇಜರ್ ಕಿವಿಗೆ ಬಿದ್ದಿದ್ದು ಅದೇ. 2019ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಷರತ್ತು ಹಾಕಿ ಕಾರ್ಖಾನೆಗಳ ರಾತ್ರಿ ಪಾಳಿಯನ್ನು ಮಹಿಳೆಯರಿಗೂ ತೆರೆಯಿತು; 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ 43ನೇ ಕಲಂ ಕೂಡ ಅವರ ಒಪ್ಪಿಗೆ, ಸುರಕ್ಷತೆಯ ಷರತ್ತುಗಳ ಮೇಲೆ ಒಪ್ಪುತ್ತದೆ. ಅಂದರೆ ರಾತ್ರಿ ಪಾಳಿಗೆ ಹೆಂಗಸರನ್ನು ತೆಗೆದುಕೊಂಡರೆ ಗಿರಣಿಯವರು ಸುರಕ್ಷತೆಯ ಏರ್ಪಾಡು ಮಾಡಬೇಕು, ಒಪ್ಪಿಗೆ ಬರೆಸಿಕೊಳ್ಳಬೇಕು. ಇದನ್ನು ಅವರಿಗೆ ಹೇಳುವುದು ತಿದ್ದುವವರ ಕೆಲಸವೇ, ಯಾಕೆಂದರೆ ಜಾಹೀರಾತು ತೆರೆದಂತೆ ಕಂಡು ಗೇಟಿನಲ್ಲಿ ಬಾಗಿಲು ಹಾಕಿದರೆ ಬಂದವರ ಬಸ್ ಚಾರ್ಜೂ ದಂಡ, ದಿನವೂ ದಂಡ. ಮ್ಯಾನೇಜರು ಸಾಹುಕಾರರನ್ನು ಕೇಳಿ ಒಪ್ಪಿಕೊಂಡ ಮೇಲೆಯೇ "ಯುವಕರು" ಹೋದದ್ದು. "ರಾತ್ರಿ ಪಾಳಿಯೂ ಇರುತ್ತದೆ" ಎಂಬ ಸಾಲು ಇದ್ದಂತೆಯೇ ಉಳಿಯಿತು. ಹೆಂಗಸರಿಗೆ ಅನುಕೂಲವಾಗಲಿ ಎಂದು ಅದನ್ನು ಅಳಿಸುವುದು ಅರ್ಹತೆಯನ್ನೇ ಬದಲಿಸಿದಂತೆ.

"ಯುವಕರು" ತೆಗೆಯುವಾಗ ಇನ್ನೊಂದನ್ನು ನೋಡಬೇಕು. ಆ ಮಾತಿನಲ್ಲಿ ಲಿಂಗದ ಜೊತೆ ವಯಸ್ಸೂ ಅಡಗಿದೆ. "ಅಭ್ಯರ್ಥಿಗಳು" ಎಂದು ಬದಲಿಸಿದರೆ ವಯಸ್ಸಿನ ಮಿತಿಯೂ ಸದ್ದಿಲ್ಲದೆ ಹೋಗುತ್ತದೆ, "ಯುವಜನರು" ಎಂದರೆ ಉಳಿಯುತ್ತದೆ. ಯಾವುದು ಸರಿ ಎಂಬುದು ಗಿರಣಿಗೆ ವಯಸ್ಸಿನ ಮಿತಿ ಇತ್ತೇ ಎಂಬುದರ ಮೇಲೆ ನಿಂತಿದೆ. ಕೇಳಿದಾಗ ಗೋದಾಮಿಗೆ ಅಂಥ ಮಿತಿಯೇನೂ ಇರಲಿಲ್ಲ.

ಬೈಕಿನ ಸಾಲು ನೋಡಲು ಗಂಡಸರ ಸಾಲಿನಂತೆ ಕಂಡರೂ ಅದು ನಿಜವಾದ ಷರತ್ತು. ಗೋದಾಮು ಊರ ಹೊರಗಿದೆ, ರಾತ್ರಿ ಬಸ್ಸಿಲ್ಲ. "ಬಂದು ಹೋಗುವ ಅನುಕೂಲ ಇರಬೇಕು" ಎಂದು ಬರೆದರೆ ಸಡಿಲವಾಗುತ್ತದೆ, ಗೆಳೆಯರ ಗಾಡಿಯಲ್ಲಿ ಬರುವವರೂ ಸರಿ ಎಂದಾಗುತ್ತದೆ. ಸಾಹುಕಾರರಿಗೆ ಗಾಡಿ ಸ್ವಂತದ್ದೇ ಆಗಬೇಕು. ಬೈಕೇ ಆಗಬೇಕೋ ಸ್ಕೂಟಿ ನಡೆಯುತ್ತದೋ ಎಂದು ಕೇಳಿದ್ದಕ್ಕೆ "ಯಾವ ಗಾಡಿಯಾದ್ರ ಏನ್ರೀ" ಎಂಬ ಉತ್ತರ ಬಂತು. "ಸ್ವಂತ ದ್ವಿಚಕ್ರ ವಾಹನ ಇರಬೇಕು" ಆಯಿತು.

ಮೂರನೇ ಹುದ್ದೆ ಬೇರೆ ಜಾತಿಯದು. "ಅವಿವಾಹಿತ, ಸುಂದರ ಯುವತಿಯರು": ಇದರ ಹಿಂದೆ ಏಣಿ ಹತ್ತುವಂಥ ಕೆಲಸ ಯಾವುದೂ ಸಿಗುವುದಿಲ್ಲ. ಹಾಗೆಂದು ಸುಮ್ಮನೆ ಅಳಿಸಿಬಿಟ್ಟರೆ ಕೆಲಸ ಕೊಡುವವರ ಮನಸ್ಸಿನಲ್ಲಿ ಆ ಜರಡಿ ಹಾಗೇ ಉಳಿದು, ಸಂದರ್ಶನದ ದಿನ ಹೊರಬರುತ್ತದೆ. ಆಗ ನಾವು ಮಾಡಿದ್ದು ತಿದ್ದುಪಡಿಯಲ್ಲ, ಮುಚ್ಚಿಟ್ಟದ್ದು. ಈ ಸಾಲನ್ನು ಎದುರಿಗಿಟ್ಟು ಮಾತಾಡಲೇಬೇಕು. ಇಲ್ಲಿ ಕಾಯ್ದೆ ನೆರವಿಗೆ ಬರುತ್ತದೆ. ಒಂದೇ ಬಗೆಯ ಕೆಲಸಕ್ಕೆ ಆಳು ತೆಗೆದುಕೊಳ್ಳುವಾಗ ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ ಎಂಬುದು 1976ರ ಸಮಾನ ವೇತನ ಕಾಯ್ದೆಯ 5ನೇ ಕಲಮಿನಿಂದ ಬಂದದ್ದು. 2019ರ ವೇತನ ಸಂಹಿತೆಯ 3ನೇ ಕಲಂ ಅದನ್ನು ಲಿಂಗದ ಆಧಾರದ ಭೇದ ಎಂದು ಇನ್ನೂ ಅಗಲ ಮಾಡಿತು. 2019ರದ್ದೇ ಆದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆಯೂ ನೇಮಕಾತಿಯಲ್ಲಿ ಅವರನ್ನು ಹೊರಗಿಡಬಾರದು ಎನ್ನುತ್ತದೆ.

"ಅವಿವಾಹಿತ" ಯಾಕೆಂದರೆ, ಹಿಂದೆ ಇದ್ದವರು ಮದುವೆಯಾಗಿ ಕೆಲಸ ಬಿಟ್ಟಿದ್ದರು. ಹಾಗಾದರೆ ಮದುವೆಯಾಗದವರನ್ನೇ ಕರೆದರೆ ಅದೇ ಮತ್ತೆ ಆಗುವುದಿಲ್ಲವೇ ಎಂದು ಕೇಳಿದ ಮೇಲೆ ಮ್ಯಾನೇಜರು ನಕ್ಕು, ಆ ಪದ ತಾವೇ ಹೊಡೆದುಹಾಕಿದರು. "ಸುಂದರ" ಯಾಕೆಂದು ಅವರಿಗೂ ಗೊತ್ತಿರಲಿಲ್ಲ, ನಕಲಿನಲ್ಲಿ ಬಂದದ್ದು. "ಯುವತಿಯರು" ಕಾಯ್ದೆಯ ಮಾತು ಕೇಳಿ ಹೋಯಿತು. ಉಳಿದದ್ದು 18ರಿಂದ 25. ಅದು ಇರಲಿ ಎಂದರು. ಫೋನ್ ಎತ್ತಲು 26 ಆದರೆ ಏನು ತೊಂದರೆ ಎಂದು ನಮಗೆ ಈಗಲೂ ಅನಿಸುತ್ತದೆ. ಆದರೆ ಅದು ಸಂಖ್ಯೆಯಲ್ಲಿ ಹೇಳಿದ ಷರತ್ತು, ಲಿಂಗದ ಮಾತಲ್ಲ, ಸಾಹುಕಾರರು ತಿಳಿದೇ ಇಟ್ಟದ್ದು. ನಮ್ಮ ಇಷ್ಟಕ್ಕೆ ಅದನ್ನು ಅಗಲ ಮಾಡಿದರೆ ಒಪ್ಪಿಕೊಂಡ ಕೆಲಸದ ಗೆರೆ ದಾಟಿದಂತೆ.

ಒಂದು ಅಪವಾದ ಹೇಳಬೇಕು. ಲಿಂಗವೇ ಅರ್ಹತೆಯಾಗಿರುವ ಹುದ್ದೆಗಳೂ ಇವೆ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಹುದ್ದೆ ಯೋಜನೆಯ ನಿಯಮದಂತೆಯೇ ಮಹಿಳೆಯರಿಗೆ ಮೀಸಲು. ಅಲ್ಲಿ "ಕಾರ್ಯಕರ್ತರು" ಎಂದು ತಿದ್ದಿದರೆ ಮಾತು ಚೆಂದವಾಗಿ ಅರ್ಹತೆ ಸುಳ್ಳಾಗುತ್ತದೆ. ಅಂಥ ಕಡೆ ಸ್ತ್ರೀಲಿಂಗ ಹಾಗೇ ಇರಬೇಕು, ಯಾವ ನಿಯಮದಂತೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬೇಕು.

"ಹೈ.ಕ. ಪ್ರಮಾಣಪತ್ರ" ನಮ್ಮ ಭಾಗದ್ದೇ ಆದ ತೊಡಕು. ಹೈದರಾಬಾದ್ ಕರ್ನಾಟಕ ಎಂಬ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಹಾಗಾಗಿ ಹೆಸರು ಬದಲಿಸಿದರೆ ಮುಗಿಯಿತು ಎಂದು ತೋರುತ್ತದೆ. ಆದರೆ ಸರ್ಕಾರಿ ಹುದ್ದೆಗಳಲ್ಲಿ ಸಂವಿಧಾನದ 371(ಜೆ) ಅಡಿ ಮೀಸಲು ಕೊಡುವ 2013ರ ಆದೇಶದ ಶೀರ್ಷಿಕೆಯಲ್ಲೇ ಹೈದರಾಬಾದ್ ಕರ್ನಾಟಕ ಎಂದಿದೆ. ಆ ಆದೇಶವನ್ನು ಹೆಸರಿಸಿ ಉಲ್ಲೇಖಿಸುವ ಜಾಹೀರಾತಿನಲ್ಲಿ ಆದೇಶದ ಹೆಸರನ್ನು ತಿದ್ದುವಂತಿಲ್ಲ. ಪ್ರದೇಶದ ಹೆಸರು ಬಂದಲ್ಲಿ ಮಾತ್ರ ಹೊಸದು ಹಾಕಬೇಕು. ಈ ಗಿರಣಿ ಖಾಸಗಿಯದು, 371(ಜೆ) ಮೀಸಲಾತಿ ಅದಕ್ಕೆ ಬರುವುದೇ ಇಲ್ಲ. ಯಾವುದೋ ಸರ್ಕಾರಿ ಪ್ರಕಟಣೆಯಿಂದ ಸಾಲು ಹಾರಿಬಂದು ಕೂತಿತ್ತು. ಕೇಳಿದಾಗ ಅವರಿಗೆ ಬೇಕಾಗಿದ್ದದ್ದು ಈ ಭಾಗದ ಜನ, ಕಾಗದವಲ್ಲ. ಆಧಾರ್ ವಿಳಾಸ ನೋಡಿದರೆ ಸಾಕು ಎಂದರು. "ಕಲ್ಯಾಣ ಕರ್ನಾಟಕ ಭಾಗದವರಿಗೆ ಆದ್ಯತೆ" ಎಂದಾಯಿತು. "ಗಂಗಾವತಿ ತಾಲ್ಲೂಕಿನವರಿಗೆ" ಎಂದು ಬರೆದಿದ್ದರೆ ಏಳು ಜಿಲ್ಲೆಯ ಆದ್ಯತೆ ಒಂದು ತಾಲ್ಲೂಕಿಗೆ ಕುಗ್ಗುತ್ತಿತ್ತು. ಇದೇ ಬಗೆಯಲ್ಲಿ, 2021ಕ್ಕಿಂತ ಹಿಂದಿನ ನಕಲುಗಳಲ್ಲಿ "ಬಳ್ಳಾರಿ ಜಿಲ್ಲೆಯವರಿಗೆ ಆದ್ಯತೆ" ಎಂದಿದ್ದರೆ ಆಗ ಅದರಲ್ಲಿ ಹೊಸಪೇಟೆಯೂ ಸೇರಿತ್ತು. ಈಗ ಅದು ವಿಜಯನಗರ ಜಿಲ್ಲೆ. ಅಕ್ಷರ ಮುಟ್ಟದಿದ್ದರೂ ಅರ್ಹತೆ ಬದಲಾಗಿರುತ್ತದೆ.

"ತಂದೆ/ಗಂಡನ ಹೆಸರು" ಅರ್ಹತೆಯಲ್ಲ, ಒಂದೇ ಹೆಸರಿನ ಇಬ್ಬರನ್ನು ಗುರುತಿಸಲು ಇಟ್ಟದ್ದು. ಫೋನ್ ನಂಬರು ಆ ಕೆಲಸ ಮಾಡುತ್ತದೆ.

ತಿದ್ದಿದ ಪಠ್ಯ ಕೊನೆಗೆ ನಿಂತದ್ದು ಹೀಗೆ.

"ಕೆಲಸಕ್ಕೆ ಬೇಕಾಗಿದ್ದಾರೆ. ಅಕ್ಕಿ ಗಿರಣಿಯಲ್ಲಿ ಈ ಕೆಳಗಿನ ಹುದ್ದೆಗಳು ಖಾಲಿ ಇವೆ. ಹೆಣ್ಣು, ಗಂಡು, ಲಿಂಗತ್ವ ಅಲ್ಪಸಂಖ್ಯಾತರು ಯಾರು ಬೇಕಾದರೂ ಎಲ್ಲ ಹುದ್ದೆಗಳಿಗೂ ಅರ್ಜಿ ಹಾಕಬಹುದು.
1) ಗುಮಾಸ್ತರ ಕೆಲಸ, 1 ಹುದ್ದೆ. ಬಿ.ಕಾಂ. ಪದವಿ ಪಡೆದಿರಬೇಕು. ಟ್ಯಾಲಿ ಗೊತ್ತಿರಬೇಕು. 3 ವರ್ಷದ ಅನುಭವ ಇದ್ದವರಿಗೆ ಆದ್ಯತೆ.
2) ಗೋದಾಮಿನ ಉಸ್ತುವಾರಿ, 1 ಹುದ್ದೆ. ಪಿಯುಸಿ ಪಾಸಾಗಿರಬೇಕು. ಏಣಿ ಹತ್ತಿ ಚೀಲ ಎಣಿಸಬೇಕು, ಪಾಳಿಯ ಹೆಚ್ಚು ಹೊತ್ತು ನಿಂತು ಓಡಾಡಬೇಕು. ರಾತ್ರಿ ಪಾಳಿಯೂ ಇರುತ್ತದೆ. ಸ್ವಂತ ದ್ವಿಚಕ್ರ ವಾಹನ ಇರಬೇಕು.
3) ಫೋನ್ ಮತ್ತು ಸ್ವಾಗತದ ಕೆಲಸ, 1 ಹುದ್ದೆ. ವಯಸ್ಸು 18ರಿಂದ 25ರ ಒಳಗಿರಬೇಕು. ಕನ್ನಡ, ಹಿಂದಿ, ತೆಲುಗು ಮಾತಾಡಲು ಬರಬೇಕು.
4) ಗೇಟ್ ಕಾವಲು, 2 ಹುದ್ದೆ. ಓದು ಬರಹ ಬರಬೇಕು. ಈ ಹುದ್ದೆಗೆ ಮಾಜಿ ಸೈನಿಕರಿಗೆ ಆದ್ಯತೆ.
ಎಲ್ಲ ಹುದ್ದೆಗಳಿಗೆ ಕಲ್ಯಾಣ ಕರ್ನಾಟಕ ಭಾಗದವರಿಗೆ ಆದ್ಯತೆ. ಹೆಸರು, ವಿಳಾಸ, ಫೋನ್ ನಂಬರ್ ಇರುವ ಬಯೋಡೇಟಾ ತೆಗೆದುಕೊಂಡು ಖುದ್ದಾಗಿ ಬರಬೇಕು."

"ಯಾರು ಬೇಕಾದರೂ" ಎಂಬ ಸಾಲು ಮೂಲದಲ್ಲಿರಲಿಲ್ಲ. ಸಾಹುಕಾರರು ಒಪ್ಪಿದ ಮೇಲೆ ಸೇರಿದ್ದು. ಅದು ಬೇಕಾಯಿತು, ಯಾಕೆಂದರೆ ಗೇಟ್ ಕಾವಲು, ಗೋದಾಮು ಎಂದು ಓದಿದವರು ವ್ಯಾಕರಣ ನೋಡುವುದಿಲ್ಲ, ರೂಢಿ ನೋಡಿ ಅದು ಗಂಡಸರ ಕೆಲಸ ಎಂದುಕೊಳ್ಳುತ್ತಾರೆ. ಅದನ್ನು ಕೊನೆಯಲ್ಲಿ ಇಟ್ಟರೆ ಅಷ್ಟು ದೂರ ಓದುವವರಿಲ್ಲ, ಹಾಗಾಗಿ ಮೇಲೆ ಬಂತು.

ಪರೀಕ್ಷೆ ಮಾಡುವುದು ಉಲ್ಟಾ ದಾರಿಯಲ್ಲಿ. ಮೂಲವನ್ನು ನೋಡಿರದ ಒಬ್ಬರಿಗೆ ಹೊಸ ಪಠ್ಯ ಕೊಟ್ಟು, ಅದರಿಂದ ಅದೇ ಕಾಲಮ್‌ಗಳ ಪಟ್ಟಿ ತೆಗೆಸಬೇಕು. ಆಮೇಲೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು, ಬಿಟ್ಟುಹೋದದ್ದು, ಹೊಸದಾಗಿ ಸೇರಿದ್ದು, ಕಡ್ಡಾಯದಿಂದ ಆದ್ಯತೆಗೆ ಅಥವಾ ಆದ್ಯತೆಯಿಂದ ಕಡ್ಡಾಯಕ್ಕೆ ಜಾರಿದ್ದು ಎಂದು ಹುಡುಕಬೇಕು. ಇಲ್ಲಿ ಹಾಗೆ ಸಿಕ್ಕಿದ್ದು ಒಂದು. ಕರಡಿನಲ್ಲಿ ಜಾಗ ಉಳಿಸಲು "ಮಾಜಿ ಸೈನಿಕರಿಗೆ, ಕಲ್ಯಾಣ ಕರ್ನಾಟಕ ಭಾಗದವರಿಗೆ ಆದ್ಯತೆ" ಎಂದು ಎರಡನ್ನೂ ಕೊನೆಯ ಸಾಲಿಗೆ ಕೂಡಿಸಲಾಗಿತ್ತು. ಓದಿದವರು ಮಾಜಿ ಸೈನಿಕರ ಆದ್ಯತೆಯನ್ನು ಗುಮಾಸ್ತರ ಹುದ್ದೆಗೂ ಬರೆದುಕೊಂಡರು. ಹಾಗಾಗಿ ಅದು ಮತ್ತೆ ನಾಲ್ಕನೇ ಹುದ್ದೆಗೆ ಹೋಗಿ "ಈ ಹುದ್ದೆಗೆ" ಎಂಬುದನ್ನೂ ಸೇರಿಸಿಕೊಂಡಿತು.

ಉಳಿದ ಲಿಂಗಸೂಚಕಗಳನ್ನು ಕಂಪ್ಯೂಟರಿನಲ್ಲಿ ಹುಡುಕಬಹುದು: "ನಾಗಿರ", "ವನಾ", "ವಳಾ", "ವನು", "ನಿಗೆ", "ಗಾರ", "ಮನ್", "ಹುಡುಗ", "ಯುವ". "ನಾಗಿ" ಎಂದಷ್ಟೇ ಹುಡುಕಿದರೆ "ಚೆನ್ನಾಗಿ" ಕೂಡ ಸಿಗುತ್ತದೆ, ಗಾಬರಿ ಬೇಡ. ಆದರೆ ಡಿಟಿಪಿ ಅಂಗಡಿಯ ಫೈಲು ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿದ್ದರೆ ಯೂನಿಕೋಡಿನಲ್ಲಿ ಟೈಪ್ ಮಾಡಿದ ಹುಡುಕಾಟಕ್ಕೆ ಏನೂ ಸಿಗುವುದಿಲ್ಲ. ಎಲ್ಲ ಸರಿಯಾಗಿದೆ ಎಂಬ ಭ್ರಮೆ ಬರುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು, ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. 18 ಹೋಗಿ 13 ಆದರೆ ಇಷ್ಟೆಲ್ಲ ಮಾಡಿದ್ದೂ ನೀರುಪಾಲು.

ಪೋಸ್ಟರಿನ ಚಿತ್ರ ಮರೆಯಬಾರದು. ಡಿಟಿಪಿಯವರು ಫೋನ್ ಹುದ್ದೆಯ ಪಕ್ಕ ಹೆಡ್‌ಫೋನ್ ಹಾಕಿ ನಗುವ ಹುಡುಗಿಯನ್ನೂ, ಗೇಟಿನ ಪಕ್ಕ ಮೀಸೆ ಲಾಠಿಯವರನ್ನೂ ಕೂರಿಸಿದ್ದರು. ಎರಡನ್ನೂ ತೆಗೆಸಿ ಗಿರಣಿಯ ಫೋಟೋ ಹಾಕಿಸಲಾಯಿತು. ವಾಟ್ಸಾಪಿನಲ್ಲಿ ಹಾಕುವಾಗ ಪಠ್ಯ ಕೊಡದೆ ಚಿತ್ರವನ್ನಷ್ಟೇ ಕಳಿಸಿದರೆ, ಮುಂದೆ ಕಳಿಸುವವರು ಸಣ್ಣದಾಗಿ ತಾವೇ ಟೈಪ್ ಮಾಡುತ್ತಾರೆ: "ರೈಸ್‌ಮಿಲ್ಲಿಗೆ ಹುಡುಗರು ಬೇಕು". ಹಾಗಾಗಿ ನಕಲು ಮಾಡಲು ಬರುವಂಥ ಎರಡು ಸಾಲಿನ ಚಿಕ್ಕ ಪಠ್ಯವನ್ನು ಚಿತ್ರದ ಕೆಳಗೇ ಕೊಡಬೇಕು. ಜಾಹೀರಾತಿನಲ್ಲಿರುವ ನಂಬರಿಗೆ ಫೋನ್ ಬಂದಾಗ ಎತ್ತುವವರ ಮುಂದೆ, ಗೇಟಿನಲ್ಲಿ ಕೂರುವವರ ಮುಂದೆ ಅರ್ಹತೆಯ ಪಟ್ಟಿಯ ಒಂದೊಂದು ಪ್ರತಿ ಇರಬೇಕು. "ಗೋದಾಮಿನ ಕೆಲಸಕ್ಕ ಹೆಣ್ಮಕ್ಕಳು ಬರಬಹುದೇನ್ರೀ?" ಎಂದು ಕೇಳಿದರೆ ಅವರು ಹೇಳಬೇಕಾದ್ದು ಅದರಲ್ಲಿದೆ: ಪಿಯುಸಿ, ಏಣಿ, ರಾತ್ರಿ ಪಾಳಿ, ಸ್ವಂತ ಗಾಡಿ.